ಅರವತ್ತೋ ಐವತ್ತೋ: ಹೊಸ ಕಾರ್ಯದರ್ಶಿಯ ಮೊದಲ ನಡವಳಿ

ಸಭೆ ಮುಗಿದ ಮರುದಿನ ಕರಡು ನಡವಳಿ ಎಲ್ಲ ಸದಸ್ಯರ ಕೈಸೇರಿತು. ಅದನ್ನು ಓದಿದ ಖಜಾಂಚಿ ಕೇಳಿದ್ದು ಒಂದೇ ಪ್ರಶ್ನೆ: “ಉತ್ಸವಕ್ಕೆ ಕೊಡಬೇಕಾದ್ದು ಶೇ. 60ರಷ್ಟೋ, ಶೇ. 50ರಷ್ಟೋ?” ಕರಡಿನಲ್ಲಿ 60 ಎಂದಿತ್ತು, ಖಜಾಂಚಿಯ ನೆನಪಿನಲ್ಲಿ 50 ಇತ್ತು. ಆರು ಪುಟಗಳ ಕರಡು ಅದು. ಯಾರು ಎಷ್ಟು ಹೊತ್ತಿಗೆ ಏನೆಂದರು, ಅದಕ್ಕೆ ಇನ್ನೊಬ್ಬರು ಏನೆಂದು ತಿರುಗಿ ನುಡಿದರು ಎಂಬುದೆಲ್ಲ ಅದರಲ್ಲಿತ್ತು. ಈ ಪ್ರಶ್ನೆಗೆ ನಂಬಿ ಹಣ ಕೊಡಬಹುದಾದ ಉತ್ತರ ಮಾತ್ರ ಇರಲಿಲ್ಲ.

ಕಾಲೇಜಿನ ವಿದ್ಯಾರ್ಥಿ ಪರಿಷತ್ತಿನ ಆ ಸಭೆ ಮತ್ತು ಅದರ ನಡವಳಿ ಇಲ್ಲಿನ ವಿಷಯ. ಬರೆದವರು ಮೊದಲ ಬಾರಿಗೆ ಕಾರ್ಯದರ್ಶಿಯಾದ ವಿದ್ಯಾರ್ಥಿನಿ. ಅವರು ಮಾಡಿದ ತಪ್ಪುಗಳು ಅಸಡ್ಡೆಯಿಂದ ಆದವಲ್ಲ. ಹೆಚ್ಚಿನವು ಅತಿ ಶ್ರದ್ಧೆಯಿಂದಲೇ ಆದವು.

ಪರಿಷತ್ತಿನಲ್ಲಿ ಒಟ್ಟು 15 ಸದಸ್ಯರು. ಅಧ್ಯಕ್ಷೆ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಕ್ರೀಡಾ ಪ್ರತಿನಿಧಿ, ಸಾಂಸ್ಕೃತಿಕ ಪ್ರತಿನಿಧಿ ಮತ್ತು 9 ಮಂದಿ ತರಗತಿ ಪ್ರತಿನಿಧಿಗಳು. ತೀರ್ಮಾನ ತೆಗೆದುಕೊಳ್ಳಲು ಸಭೆಯಲ್ಲಿ ಕನಿಷ್ಠ ಇಷ್ಟು ಸದಸ್ಯರು ಇರಲೇಬೇಕು ಎಂಬ ಸಂಖ್ಯೆಯೇ ಕೋರಂ; ಪರಿಷತ್ತಿನ ನಿಯಮಾವಳಿಯ ಪ್ರಕಾರ ಅದು 8. ಅಧ್ಯಕ್ಷರು ಮತ ಹಾಕುವುದು ಎರಡೂ ಕಡೆ ಸಮ ಬಿದ್ದಾಗ ಮಾತ್ರ. ಸಲಹೆಗಾರರಾದ ಅಧ್ಯಾಪಕರು ಸಭೆಯಲ್ಲಿ ಕೂರುತ್ತಾರೆ, ಮಾತನಾಡಬಹುದು, ಆದರೆ ಅವರು ಸದಸ್ಯರಲ್ಲ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಎರಡು ಕಡೆ ಕಾಡುತ್ತದೆ.

ಸಭೆ ಕರೆದದ್ದು ಸಂಜೆ 4ಕ್ಕೆ, ಶುರುವಾದದ್ದು 4:10ಕ್ಕೆ. ಆಗ ಅಧ್ಯಕ್ಷೆ, ಕಾರ್ಯದರ್ಶಿ ಸೇರಿ 10 ಸದಸ್ಯರಿದ್ದರು. ಪಕ್ಕದಲ್ಲಿ ಸಲಹೆಗಾರರು ಕೂತಿದ್ದರು. ಕಾರ್ಯದರ್ಶಿ ಕೋಣೆಯಲ್ಲಿದ್ದ ತಲೆಗಳನ್ನು ಎಣಿಸಿ ‘ಹಾಜರಿ: 11’ ಎಂದು ಬರೆದುಕೊಂಡರು. 4:20ಕ್ಕೆ ಒಬ್ಬ ತರಗತಿ ಪ್ರತಿನಿಧಿ ಬಂದು ಸೇರಿದ ಮೇಲೆ ಸದಸ್ಯರ ಸಂಖ್ಯೆ ನಿಜಕ್ಕೂ 11 ಆಯಿತು. ತಪ್ಪು ಲೆಕ್ಕವೇ ಸರಿಯಾದಂತೆ ಕಂಡು, ಅದನ್ನು ಮತ್ತೆ ನೋಡುವ ಅಗತ್ಯ ಯಾರಿಗೂ ಅನ್ನಿಸಲಿಲ್ಲ.

ಕಾರ್ಯಸೂಚಿಯ ಮೊದಲ ವಿಷಯ ಹಿಂದಿನ ಸಭೆಯ ನಡವಳಿಯ ದೃಢೀಕರಣ. ಎರಡು ನಿಮಿಷದಲ್ಲಿ ಮುಗಿಯಿತು. ಎರಡನೆಯದು ಹಂಚಿಕೆಯಾಗದೆ ಉಳಿದ ನಿಧಿ. ಇಲ್ಲೇ ಗಂಟು ಬಿದ್ದದ್ದು.

ಸಾಂಸ್ಕೃತಿಕ ಪ್ರತಿನಿಧಿ ಮಂಡಿಸಿದ ಠರಾವು ಹೀಗಿತ್ತು: ಉಳಿದ ನಿಧಿಯ ಶೇ. 60ನ್ನು ವಾರ್ಷಿಕ ಉತ್ಸವಕ್ಕೆ ಕೊಡಬೇಕು. ಉಪಾಧ್ಯಕ್ಷ ಅನುಮೋದಿಸಿದರು. ಅರ್ಧ ಗಂಟೆ ಮಾತು ನಡೆಯಿತು. ನಡುವೆ ಒಬ್ಬ ತರಗತಿ ಪ್ರತಿನಿಧಿ ತಿದ್ದುಪಡಿ ತಂದರು: 60ರ ಬದಲು 50 ಆಗಲಿ, ಜತೆಗೆ ಕಳೆದ ಉತ್ಸವದ ಲೆಕ್ಕಪತ್ರ ಸಲ್ಲಿಸಿದ ಮೇಲೆಯೇ ಹಣ ಕೊಡುವಂತಾಗಲಿ. ಮೊದಲು ತಿದ್ದುಪಡಿಯನ್ನು ಮತಕ್ಕೆ ಹಾಕಲಾಯಿತು. ಪರ 6, ವಿರೋಧ 4, ಅಧ್ಯಕ್ಷೆ ಮತ ಹಾಕಲಿಲ್ಲ. ಆರು, ನಾಲ್ಕು, ಅಧ್ಯಕ್ಷೆ ಒಬ್ಬರು, ಒಟ್ಟು 11. ಲೆಕ್ಕ ಕೂಡುತ್ತದೆ.

4:55ಕ್ಕೆ ಇಬ್ಬರು ಪ್ರತಿನಿಧಿಗಳು ಪ್ರಯೋಗಾಲಯದ ತರಗತಿಗೆಂದು ಎದ್ದುಹೋದರು. ಆಮೇಲೆ ತಿದ್ದುಪಡಿಯಾದ ಠರಾವನ್ನು ಮತಕ್ಕೆ ಹಾಕಲಾಯಿತು. ಪರ 5, ವಿರೋಧ 3. ಅಧ್ಯಕ್ಷೆಯನ್ನು ಸೇರಿಸಿದರೆ 9. ಇದೂ ಕೂಡುತ್ತದೆ.

ಕರಡಿನಲ್ಲಿ ಬಂದದ್ದು ಈ ವಾಕ್ಯ: “ದೀರ್ಘ ಚರ್ಚೆಯ ನಂತರ ಉತ್ಸವಕ್ಕೆ ಶೇ. 60ರಷ್ಟು ನೀಡುವ ಠರಾವನ್ನು 6-4 ಮತಗಳಿಂದ ಅಂಗೀಕರಿಸಲಾಯಿತು.” ಮೊದಲ ಠರಾವಿನ ಮಾತಿಗೆ ತಿದ್ದುಪಡಿಯ ಮತಸಂಖ್ಯೆ ಅಂಟಿಕೊಂಡಿದೆ. ನಿಜವಾಗಿ ಅಂಗೀಕಾರವಾದ ಪಾಠವೂ ಇಲ್ಲ, ಅದಕ್ಕೆ ಬಿದ್ದ ಮತವೂ ಇಲ್ಲ. ಲೆಕ್ಕಪತ್ರದ ಷರತ್ತು ಪೂರ್ತಿ ಬಿಟ್ಟುಹೋಗಿದೆ. ತಿದ್ದುಪಡಿಗೆ ಬಿದ್ದ ಮತಗಳೆಲ್ಲ ಠರಾವಿಗೇ ಬಿದ್ದವು ಎಂದು ಭಾವಿಸುವುದು ಹೊಸಬರಲ್ಲಿ ತೀರಾ ಸಾಮಾನ್ಯ. ಎರಡು ಸಲ ಕೈ ಎತ್ತಿದಾಗ ಎರಡನೆಯದು ಬರೀ ಔಪಚಾರಿಕ ಅನ್ನಿಸುತ್ತದೆ. ಆದರೆ ತಿದ್ದುಪಡಿ ಗೆದ್ದರೆ ಬದಲಾಗುವುದು ಠರಾವಿನ ಮಾತು ಮಾತ್ರ. ಠರಾವು ಆಗ ಇನ್ನೂ ತೀರ್ಮಾನವಾಗಿರುವುದಿಲ್ಲ. ತಿದ್ದುಪಡಿ ಗೆದ್ದು, ಬದಲಾದ ಠರಾವೇ ಬಿದ್ದುಹೋಗುವುದೂ ಉಂಟು.

ಇದಕ್ಕೆ ಕಾರಣ ಹುಡುಕಿದರೆ ಸಿಗುವುದು ಕಾರ್ಯದರ್ಶಿಯ ಟಿಪ್ಪಣಿ ಪುಸ್ತಕದಲ್ಲಿ. ಆ ಅರ್ಧ ಗಂಟೆಯಲ್ಲಿ ಅವರು ನಾಲ್ಕು ಪುಟ ಬರೆದಿದ್ದರು, ಎಲ್ಲವೂ ಮಾತುಗಳು. “ಕ್ರೀಡಾ ಪ್ರತಿನಿಧಿ ಬೇಸರದಿಂದ, ಪ್ರತಿ ವರ್ಷವೂ ನಮಗೆ ಇದೇ ಗತಿ ಎಂದರು” ಎಂಬುದು ಅಲ್ಲಿದೆ. ಮಾತು ಬರೆಯುವುದರಲ್ಲಿ ಕೈ ಮುಳುಗಿದ್ದಾಗಲೇ ತಿದ್ದುಪಡಿ ಬಂದುಹೋಯಿತು. ಪುಟದ ಅಂಚಿನಲ್ಲಿ ಉಳಿದದ್ದು ‘50?’ ಎಂಬ ಗುರುತು ಮಾತ್ರ. ಮನೆಗೆ ಹೋಗಿ ಕರಡು ಬರೆಯುವಾಗ ಅದು ಯಾರೋ ಕೊಟ್ಟ ಸಲಹೆಯಂತೆ ಕಂಡಿತು.

ನಡವಳಿ ಎಂದರೆ ಸಭೆ ಏನು ಮಾಡಿತು ಎಂಬುದರ ದಾಖಲೆ, ಸದಸ್ಯರು ಏನು ಆಡಿದರು ಎಂಬುದರದ್ದಲ್ಲ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಮೊದಲು ಹೊರತಂದ ಸಭಾ ನಿಯಮಗಳ ಕೈಪಿಡಿಯೂ ಇದನ್ನೇ ಹೇಳುತ್ತದೆ. ಅದರ ಪದ್ಧತಿಯಲ್ಲಿ ಠರಾವು ಅಂತಿಮವಾಗಿ ಯಾವ ರೂಪದಲ್ಲಿ ಮತಕ್ಕೆ ಬಂತೋ ಆ ರೂಪವೇ ನಡವಳಿಗೆ ಹೋಗುತ್ತದೆ. ತಿದ್ದುಪಡಿ ಆಗಿತ್ತು ಎಂಬುದನ್ನು ಸೂಚಿಸಿದರೆ ಸಾಕು. ಕ್ರೀಡಾ ಪ್ರತಿನಿಧಿಯ ಬೇಸರ ನಿಜವೇ ಇರಬಹುದು, ಆದರೆ ಅದನ್ನು ಆಧಾರವಾಗಿಟ್ಟುಕೊಂಡು ಖಜಾಂಚಿ ಏನನ್ನೂ ಮಾಡಲಾಗದು. ಅದಕ್ಕಿಂತ ಹೆಚ್ಚಾಗಿ, ಬಿಸಿಯಲ್ಲಿ ಆಡಿದ ಮಾತು ಸಹಿ ಬಿದ್ದ ಪುಟದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಮಾತು ಬರೆಯುವುದನ್ನು ನಿಲ್ಲಿಸಿದರೆ ಕೈಗೆ ಸಮಯ ಸಿಗುತ್ತದೆ. ಆ ಸಮಯವನ್ನು ಒಂದೇ ಕೆಲಸಕ್ಕೆ ಬಳಸಬೇಕು: ಮತಕ್ಕೆ ಹಾಕುವ ಮುನ್ನ ಠರಾವಿನ ಪೂರ್ಣ ಪಾಠ ತನ್ನ ಬಳಿ ಇದೆಯೇ ಎಂದು ನೋಡುವುದು. ಇಲ್ಲದಿದ್ದರೆ ಕೈ ಎತ್ತಿ ಕೇಳಬೇಕು: “ಅಧ್ಯಕ್ಷರೇ, ಈಗ ಮತಕ್ಕೆ ಹೋಗುತ್ತಿರುವ ಪಾಠವನ್ನು ಒಮ್ಮೆ ಓದುತ್ತೇನೆ, ಸರಿಯಿದೆಯೇ ಹೇಳಿ.” ಹೊಸಬರು ಹೀಗೆ ತಡೆಯಲು ಮುಜುಗರಪಡುತ್ತಾರೆ. ವಾಸ್ತವದಲ್ಲಿ ಸಭೆಯಲ್ಲಿ ಕೂತ ಅರ್ಧ ಜನಕ್ಕೂ ತಾವು ಯಾವುದಕ್ಕೆ ಕೈ ಎತ್ತುತ್ತಿದ್ದೇವೆ ಎಂಬುದು ಆ ಕ್ಷಣದಲ್ಲಿ ಸ್ಪಷ್ಟವಿರುವುದಿಲ್ಲ. ಈ ಓದು ಅವರಿಗೂ ಉಪಕಾರ. ತಿದ್ದುಪಡಿ ಉದ್ದವಾಗಿದ್ದರೆ ಮಂಡಿಸಿದವರಿಂದಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು.

ಪಾಠ ತಪ್ಪಿದೆ ಎಂದು ಗೊತ್ತಾದದ್ದು ಖಜಾಂಚಿಯ ಪ್ರಶ್ನೆಯಿಂದ. ಎಣಿಕೆ ತಪ್ಪಿದೆ ಎಂದು ಗೊತ್ತಾದದ್ದು ಒಂದು ಸಣ್ಣ ಕೂಡಿಕೆಯಿಂದ. ಪ್ರತಿ ಮತದಾನದ ಪಕ್ಕದಲ್ಲೂ ಪರ, ವಿರೋಧ, ತಟಸ್ಥ ಮತ್ತು ಮತ ಹಾಕದ ಅಧ್ಯಕ್ಷರು, ಈ ನಾಲ್ಕನ್ನೂ ಕೂಡಿದರೆ ಆ ಕ್ಷಣ ಹಾಜರಿದ್ದ ಸದಸ್ಯರ ಸಂಖ್ಯೆ ಬರಬೇಕು. ಬಾರದಿದ್ದರೆ ಮೂರರಲ್ಲೊಂದು ಆಗಿದೆ: ಯಾರೋ ಎದ್ದುಹೋಗಿದ್ದಾರೆ, ಸದಸ್ಯರಲ್ಲದವರನ್ನು ಎಣಿಸಲಾಗಿದೆ, ಇಲ್ಲವೇ ಕಾರ್ಯದರ್ಶಿ ತನ್ನ ಮತವನ್ನೇ ಎಣಿಸಲು ಮರೆತಿದ್ದಾರೆ. ಮೂರನೆಯದು ನಗು ತರಿಸಿದರೂ ಆಗಾಗ ಆಗುವಂಥದ್ದೇ. ಎಣಿಸುವವರ ಕೈ ಎಣಿಕೆಗೆ ಸಿಗುವುದಿಲ್ಲ.

ನಮ್ಮ ಕಾರ್ಯದರ್ಶಿ ಹಾಜರಾತಿಯನ್ನು ಒಂದೇ ಬಾರಿ, ಶುರುವಿನಲ್ಲಿ ಬರೆದಿದ್ದರು. ಅದೃಷ್ಟಕ್ಕೆ ಟಿಪ್ಪಣಿಯಲ್ಲಿ ‘4:55 ಇಬ್ಬರು ಲ್ಯಾಬ್‌ಗೆ’, ‘5:15 ಇನ್ನಿಬ್ಬರು’ ಎಂಬ ಎರಡು ಸಾಲುಗಳು ಉಳಿದಿದ್ದವು. ಕರಡಿಗೆ ಅವು ಕ್ಷುಲ್ಲಕವೆಂದು ಬಿಟ್ಟಿದ್ದರು. ಆ ಎರಡು ಸಾಲು ಟಿಪ್ಪಣಿಯ ಉಳಿದ ನಾಲ್ಕು ಪುಟಕ್ಕಿಂತ ಬೆಲೆಯುಳ್ಳವಾಗಿದ್ದವು.

ಯಾಕೆಂದರೆ 5:15ರ ಸಾಲು ನಾಲ್ಕನೆಯ ವಿಷಯವನ್ನೇ ಅಲುಗಾಡಿಸಿತು. ಮೂರನೆಯ ವಿಷಯ, ವಾಚನಾಲಯದ ಸಮಯವನ್ನು ಸಂಜೆ 6ರಿಂದ 8ಕ್ಕೆ ವಿಸ್ತರಿಸಲು ಕೋರುವ ಪತ್ರ, 9 ಸದಸ್ಯರಿದ್ದಾಗಲೇ ಮುಗಿದಿತ್ತು. ಅದಾದ ಮೇಲೆ ಇಬ್ಬರು ಹೊರಟರು, ಉಳಿದವರು 7. ಕ್ರೀಡಾಕೂಟಕ್ಕೆ ಸ್ವಯಂಸೇವಕರ ಸಮಿತಿ ರಚಿಸುವ ನಾಲ್ಕನೆಯ ವಿಷಯ ಬಂದದ್ದು 5:20ಕ್ಕೆ. ಆಗ ಅಧ್ಯಕ್ಷೆ “ಕೋರಂ ಇದೆ ತಾನೆ?” ಎಂದು ಕೇಳಿದರು. ಕಾರ್ಯದರ್ಶಿ ಕಣ್ಣಲ್ಲೇ ಎಣಿಸಿ, “ಎಂಟು ಜನ ಇದ್ದೇವೆ” ಎಂದರು. ಎಂಟನೆಯವರು ಸಲಹೆಗಾರರು. ಸಮಿತಿ ರಚನೆಯಾಯಿತು, ಕರಡಿನಲ್ಲಿ ‘ಸರ್ವಾನುಮತದಿಂದ’ ಎಂಬ ಪದವೂ ಸೇರಿತು.

ಕೋರಂ ಇಲ್ಲದಾಗ ತೆಗೆದುಕೊಂಡ ತೀರ್ಮಾನಕ್ಕೆ ಬಲವಿಲ್ಲ. ಹಾಗಿರುವಾಗ ಸಭೆ ಮಾಡಬಹುದಾದ್ದು ಬಹಳ ಕಡಿಮೆ: ಮುಂದಿನ ಸಭೆಯ ದಿನ ಗೊತ್ತುಮಾಡುವುದು, ಸಭೆ ಮುಂದೂಡುವುದು, ಸ್ವಲ್ಪ ಹೊತ್ತು ವಿರಾಮ ಕೊಡುವುದು, ಹೊರಗಿದ್ದವರನ್ನು ಕರೆಸುವುದು. ಹಾಗಾದರೆ ಕರಡಿನಲ್ಲಿ ಏನು ಮಾಡಬೇಕು? ಇಲ್ಲಿ ಕಾರ್ಯದರ್ಶಿಗೆ ಎರಡು ಸಲಹೆ ಬಂದವು, ಎರಡೂ ತಪ್ಪು. ಒಬ್ಬರು “5:15ರ ಸಾಲನ್ನು ಸುಮ್ಮನೆ ಬಿಡು, ಯಾರಿಗೆ ಗೊತ್ತಾಗುತ್ತೆ” ಎಂದರು. ಇನ್ನೊಬ್ಬರು ನಾಲ್ಕನೆಯ ವಿಷಯವನ್ನೇ ತೆಗೆದುಹಾಕಲು ಹೇಳಿದರು. ಮೊದಲನೆಯದು ಸುಳ್ಳು ದಾಖಲೆ. ಎರಡನೆಯದೂ ಸುಳ್ಳೇ, ಯಾಕೆಂದರೆ ಸಭೆಯಲ್ಲಿ ಅದು ನಡೆದಿದೆ. ನಡೆದದ್ದನ್ನು ನಡೆದಂತೆ ಬರೆದು, ಆಗ ಎಷ್ಟು ಸದಸ್ಯರಿದ್ದರು ಎಂಬುದನ್ನು ಪಕ್ಕದಲ್ಲೇ ಇಡುವುದು ಸರಿಯಾದ ದಾರಿ. ಸಿಂಧುವೋ ಅಸಿಂಧುವೋ ಎಂಬ ತೀರ್ಪು ಕಾರ್ಯದರ್ಶಿಯದಲ್ಲ. ಅದನ್ನು ಮುಂದಿನ ಸಭೆ ನೋಡಿಕೊಳ್ಳುತ್ತದೆ.

ಸರಿಪಡಿಸಿದ ನಡವಳಿ ಎರಡು ಪುಟಕ್ಕೂ ಕಡಿಮೆ. ಅದರ ಎರಡನೆಯ ವಿಷಯ ಹೀಗಿದೆ:

“ವಿಷಯ 2. ಹಂಚಿಕೆಯಾಗದ ನಿಧಿ. ಸಾಂಸ್ಕೃತಿಕ ಪ್ರತಿನಿಧಿ ಮಂಡಿಸಿ ಉಪಾಧ್ಯಕ್ಷರು ಅನುಮೋದಿಸಿದ ಠರಾವು ತಿದ್ದುಪಡಿಗೊಂಡು (ತಿದ್ದುಪಡಿಗೆ ಪರ 6, ವಿರೋಧ 4) ಈ ರೂಪದಲ್ಲಿ ಅಂಗೀಕಾರವಾಯಿತು: ‘ಹಂಚಿಕೆಯಾಗದೆ ಉಳಿದ ನಿಧಿಯ ಶೇ. 50ನ್ನು ವಾರ್ಷಿಕ ಉತ್ಸವಕ್ಕೆ ಕೊಡತಕ್ಕದ್ದು. ಕಳೆದ ಉತ್ಸವದ ಲೆಕ್ಕಪತ್ರವನ್ನು ಖಜಾಂಚಿಗೆ ಸಲ್ಲಿಸುವವರೆಗೆ ಈ ಹಣವನ್ನು ಕೊಡತಕ್ಕದ್ದಲ್ಲ.’ ಪರ 5, ವಿರೋಧ 3, ತಟಸ್ಥ ಇಲ್ಲ. ಅಧ್ಯಕ್ಷರು ಮತ ಚಲಾಯಿಸಲಿಲ್ಲ. ಮತದಾನದ ವೇಳೆ ಹಾಜರಿದ್ದ ಸದಸ್ಯರು 9.”

ನಾಲ್ಕನೆಯದು:

“ವಿಷಯ 4. ಕ್ರೀಡಾಕೂಟದ ಸ್ವಯಂಸೇವಕರ ಸಮಿತಿ. ಕ್ರೀಡಾ ಪ್ರತಿನಿಧಿ ಮತ್ತು ಮೂವರು ತರಗತಿ ಪ್ರತಿನಿಧಿಗಳ ಸಮಿತಿಯನ್ನು ಸೂಚಿಸಲಾಯಿತು. ಯಾರೂ ವಿರೋಧ ಸೂಚಿಸಲಿಲ್ಲ. ಈ ವೇಳೆ ಹಾಜರಿದ್ದ ಸದಸ್ಯರು 7, ಕೋರಂ 8.”

‘ಸರ್ವಾನುಮತ’ ಎಂಬ ಪದ ಎಲ್ಲೂ ಇಲ್ಲದಿರುವುದನ್ನು ಗಮನಿಸಿ. ಅಧ್ಯಕ್ಷರು “ಯಾರಿಗಾದರೂ ವಿರೋಧವಿದೆಯೇ?” ಎಂದು ಕೇಳಿ, ಎಲ್ಲರೂ ಸುಮ್ಮನಿದ್ದರೆ ಅದು ವಿರೋಧವಿಲ್ಲದ ಅಂಗೀಕಾರ. ಎಲ್ಲರೂ ಪರ ಮತ ಹಾಕಿದ್ದು ಬೇರೆ ಸಂಗತಿ. ಸುಮ್ಮನಿದ್ದವರನ್ನೆಲ್ಲ ಪರ ಮತದಾರರೆಂದು ಬರೆದರೆ ನಾಳೆ ಯಾರಾದರೂ “ನಾನು ಎಲ್ಲಿ ಹೌದೆಂದೆ?” ಎಂದು ಕೇಳಿದಾಗ ಉತ್ತರವಿರುವುದಿಲ್ಲ. ನಮ್ಮ ನಡವಳಿಗಳಲ್ಲಿ ಈ ಪದ ಅಲಂಕಾರದಂತೆ ಬಂದು ಕೂರುತ್ತದೆ, ಅದನ್ನು ಕಂಡಲ್ಲೆಲ್ಲ ಒಮ್ಮೆ ಅನುಮಾನಿಸಬೇಕು.

ಕನ್ನಡದ್ದೇ ಆದ ಇನ್ನೊಂದು ತೊಡಕು ಕರಡಿನ ಮೂರನೆಯ ವಿಷಯದಲ್ಲಿತ್ತು: “ವಾಚನಾಲಯದ ಸಮಯ ವಿಸ್ತರಣೆಗಾಗಿ ಮುಂದಿನ ವಾರ ಪ್ರಾಂಶುಪಾಲರನ್ನು ಭೇಟಿಯಾಗಿ ಪತ್ರ ಸಲ್ಲಿಸಲಾಗುವುದು.” ಓದಲು ಗಂಭೀರವಾಗಿದೆ. ಭೇಟಿಯಾಗುವವರು ಯಾರು? ‘-ಲಾಗುವುದು’ ಎಂಬ ಪ್ರಯೋಗ ಮಾಡುವವರನ್ನು ಮರೆಮಾಡುತ್ತದೆ. ಸಭೆಯ ತೀರ್ಮಾನಕ್ಕೆ ‘ಅಂಗೀಕರಿಸಲಾಯಿತು’ ಎಂದರೆ ತೊಂದರೆಯಿಲ್ಲ, ಅಂಗೀಕರಿಸಿದ್ದು ಇಡೀ ಸಭೆ. ಕೆಲಸಕ್ಕೆ ಮಾತ್ರ ಅದನ್ನು ಬಳಸಕೂಡದು. ‘ಮುಂದಿನ ವಾರ’ವೂ ಅಷ್ಟೇ, ಮೂರು ತಿಂಗಳ ನಂತರ ಓದುವವರಿಗೆ ಅದು ಯಾವ ವಾರವೂ ಅಲ್ಲ. ಸರಿಪಡಿಸಿದ ವಾಕ್ಯದಲ್ಲಿ ಪತ್ರ ಬರೆಯುವವರು ಕಾರ್ಯದರ್ಶಿ, ಸಲ್ಲಿಸುವವರು ಉಪಾಧ್ಯಕ್ಷ ಎಂದು ಹುದ್ದೆಯಿದೆ, ಗಡುವಿಗೆ ತಾರೀಖಿದೆ. ಈ ಇಬ್ಬರೂ ಸಭೆಯಲ್ಲೇ ಒಪ್ಪಿಕೊಂಡಿದ್ದರು. ಒಪ್ಪಿಕೊಳ್ಳದವರ ತಲೆಗೆ ನಡವಳಿಯ ಮೂಲಕ ಕೆಲಸ ಕಟ್ಟುವ ಅಧಿಕಾರ ಕಾರ್ಯದರ್ಶಿಗಿಲ್ಲ. ಸಭೆಯಲ್ಲಿ ಯಾರೂ ಒಪ್ಪಿಕೊಂಡಿರದಿದ್ದರೆ ‘ಜವಾಬ್ದಾರಿ ನಿಗದಿಯಾಗಲಿಲ್ಲ’ ಎಂದೇ ಬರೆಯಬೇಕು. ಓದಲು ಚೆನ್ನಾಗಿರುವುದಿಲ್ಲ, ಆದರೆ ನಿಜ.

ಎರಡು ದಿನ ಕಳೆದ ಮೇಲೆ ಕ್ರೀಡಾ ಪ್ರತಿನಿಧಿಯಿಂದ ಒಂದು ಕೋರಿಕೆ ಬಂತು. ನಿಧಿಯ ಠರಾವಿಗೆ ತಾನು ವಿರೋಧ ಮತ ಹಾಕಿದ್ದನ್ನು, ಯಾಕೆ ಹಾಕಿದ್ದೆಂಬ ಕಾರಣದ ಸಮೇತ ಸೇರಿಸಬೇಕು ಎಂದು. ಕೋರಿಕೆ ಅನ್ಯಾಯದ್ದೇನಲ್ಲ. ಆದರೆ ಕೈ ಎತ್ತಿ ಹಾಕಿದ ಮತದಲ್ಲಿ ಹೆಸರುಗಳು ದಾಖಲಾಗುವುದಿಲ್ಲ, ಸಂಖ್ಯೆ ಮಾತ್ರ. ತನ್ನ ವಿರೋಧ ಹೆಸರಿನೊಂದಿಗೆ ದಾಖಲಾಗಲಿ ಎಂದು ಬಯಸುವವರು ಅದನ್ನು ಸಭೆಯಲ್ಲೇ, ಮತ ಮುಗಿದ ಕೂಡಲೇ, ಅಧ್ಯಕ್ಷರ ಮೂಲಕ ಕೇಳಬೇಕು. ಸಭೆಯಲ್ಲಿ ಆಗದೇ ಇದ್ದುದನ್ನು ಆಮೇಲೆ ನಡವಳಿಗೆ ತುಂಬಲು ಬರುವುದಿಲ್ಲ. ಒಬ್ಬರಿಗೆ ಹೀಗೆ ಮಾಡಿಕೊಟ್ಟರೆ ಉಳಿದ ಇಬ್ಬರು ವಿರೋಧಿಗಳಿಗೂ, ಪರವಾಗಿದ್ದ ಐವರಿಗೂ ಮಾಡಿಕೊಡಬೇಕಾಗುತ್ತದೆ, ಕರಡು ಮತ್ತೆ ಆರು ಪುಟಕ್ಕೆ ಬೆಳೆಯುತ್ತದೆ. ಕಾರ್ಯದರ್ಶಿ ಕೊಟ್ಟ ಉತ್ತರ ಚಿಕ್ಕದು: “ಬರೆದದ್ದರಲ್ಲಿ ತಪ್ಪಿದ್ದರೆ ಮುಂದಿನ ಸಭೆಯಲ್ಲಿ ದೃಢೀಕರಣದ ವೇಳೆ ಹೇಳು. ಬಿಟ್ಟದ್ದನ್ನು ಸೇರಿಸುವುದು ನನ್ನ ಕೈಲಿಲ್ಲ.”

ಮುಂದಿನ ಸಭೆಗೆ ಅವರು ತಯಾರಾದ ರೀತಿ ಬೇರೆಯಾಗಿತ್ತು. ಹಿಂದಿನ ಸಂಜೆಯೇ ಒಂದು ಹಾಳೆಯಲ್ಲಿ 15 ಸದಸ್ಯರ ಹುದ್ದೆಗಳನ್ನು ಸಾಲಾಗಿ ಬರೆದು, ಪಕ್ಕದಲ್ಲಿ ‘ಬಂದದ್ದು’, ‘ಹೋದದ್ದು’ ಎಂಬ ಎರಡು ಕಾಲಂ ಹಾಕಿದರು. ಸಲಹೆಗಾರರ ಸಾಲು ಹಾಳೆಯ ಕೆಳಗೆ, ಅಡ್ಡಗೆರೆಯ ಆಚೆ, ‘ಆಹ್ವಾನಿತರು’ ಎಂಬ ತಲೆಬರಹದಡಿ. ಬಾಗಿಲಿಗೆ ಎದುರಾಗಿ ಕೂತರು. ಹೊರಹೋಗುವವರು ಅವರ ಬೆನ್ನ ಹಿಂದಿನಿಂದ ಜಾರಿಹೋಗುವಂತಿರಲಿಲ್ಲ. ಕಾರ್ಯಸೂಚಿಯ ಪ್ರತಿ ವಿಷಯಕ್ಕೆ ಅರ್ಧ ಪುಟ ಖಾಲಿ ಬಿಟ್ಟು, ಮೇಲ್ಭಾಗದಲ್ಲಿ ‘ಪಾಠ’ ಎಂದೂ ಕೆಳಗೆ ‘ಮತ / ಹಾಜರಿ’ ಎಂದೂ ಬರೆದಿಟ್ಟರು. ಖಾಲಿ ಜಾಗ ಕಣ್ಣೆದುರು ಇದ್ದರೆ ತುಂಬದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಆ ಸಭೆಯಲ್ಲಿ 12 ಸದಸ್ಯರಿದ್ದರು. ನಡವಳಿಯ ದೃಢೀಕರಣಕ್ಕೆ ಬಂದಾಗ ಒಬ್ಬ ತರಗತಿ ಪ್ರತಿನಿಧಿ ಒಂದು ತಪ್ಪು ಎತ್ತಿದರು: ವಾಚನಾಲಯ 8ರವರೆಗೆ ತೆರೆದಿರಲಿ ಎಂದು ಕೇಳಿದ್ದು ಪರೀಕ್ಷೆಯ ತಿಂಗಳಲ್ಲಿ ಮಾತ್ರ, ನಡವಳಿಯಲ್ಲಿ ‘ಪ್ರತಿದಿನ’ ಎಂದಿದೆ. ಸಭೆ ಹೌದೆಂದಿತು. ತಿದ್ದುವುದರಲ್ಲೂ ಒಂದು ಕ್ರಮವಿದೆ. ನಡವಳಿ ಪುಸ್ತಕದಲ್ಲಿ ಬಿಳಿ ಬಣ್ಣ ಹಚ್ಚುವುದು, ಹಾಳೆ ಹರಿದು ಹೊಸದನ್ನು ಅಂಟಿಸುವುದು, ಅಕ್ಷರ ಕಾಣದಂತೆ ಗೀಚುವುದು ಇವು ಯಾವುದೂ ಸಲ್ಲದು. ತಪ್ಪು ಪದದ ಮೇಲೆ ಒಂದೇ ಗೆರೆ, ಕೆಳಗಿನ ಅಕ್ಷರ ಓದುವಂತಿರಬೇಕು. ಪಕ್ಕದಲ್ಲಿ ಸರಿ ಪದ, ಅದರ ಬದಿಗೆ ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಕಿರುಸಹಿ, ದಿನಾಂಕ. ಹೀಗೆ ತಿದ್ದಲಾಯಿತು ಎಂಬುದನ್ನು ಹೊಸ ಸಭೆಯ ನಡವಳಿಯಲ್ಲೂ ಬರೆಯಬೇಕು: “ಹಿಂದಿನ ನಡವಳಿಯ ವಿಷಯ 3ರಲ್ಲಿ ‘ಪ್ರತಿದಿನ’ ಎಂಬುದರ ಬದಲು ‘ಪರೀಕ್ಷೆಯ ತಿಂಗಳಲ್ಲಿ’ ಎಂದು ತಿದ್ದಿ ದೃಢೀಕರಿಸಲಾಯಿತು.” ಪತ್ರ ಅಷ್ಟರಲ್ಲಿ ‘ಪ್ರತಿದಿನ’ ಎಂದೇ ಪ್ರಾಂಶುಪಾಲರಿಗೆ ಹೋಗಿಯಾಗಿತ್ತು. ಆ ಪತ್ರವನ್ನು ಹಿಂಪಡೆದು ಬೇರೆ ಕೊಡುವ ಕೆಲಸವನ್ನು ಕಾರ್ಯದರ್ಶಿಯೇ ವಹಿಸಿಕೊಂಡರು.

ಸ್ವಯಂಸೇವಕರ ಸಮಿತಿಯ ಪ್ರಶ್ನೆ ಪ್ರತ್ಯೇಕ ವಿಷಯವಾಗಿ ಕಾರ್ಯಸೂಚಿಯಲ್ಲಿತ್ತು. ನಡವಳಿ ದೃಢೀಕರಣವಾದ ಮಾತ್ರಕ್ಕೆ ಕೋರಂ ಇಲ್ಲದ ತೀರ್ಮಾನ ಸಿಂಧುವಾಗುವುದಿಲ್ಲ. ದೃಢೀಕರಣ ಹೇಳುವುದು ‘ಹೀಗೆ ನಡೆದದ್ದು ನಿಜ’ ಎಂದಷ್ಟೇ. ‘ಅದು ಸರಿ’ ಎನ್ನಲು ಬೇರೆಯೇ ಠರಾವು ಬೇಕು. ಕ್ರೀಡಾ ಪ್ರತಿನಿಧಿ ಘಟನೋತ್ತರ ಅನುಮೋದನೆಯ ಠರಾವು ಮಂಡಿಸಿದರು. ಸಮಿತಿ ಅಷ್ಟರಲ್ಲಿ ಮಾಡಿದ್ದ ಕೆಲಸ ಸ್ವಯಂಸೇವಕರ ಪಟ್ಟಿ ತಯಾರಿಸಿದ್ದು ಮಾತ್ರ, ಖರ್ಚೇನೂ ಆಗಿರಲಿಲ್ಲ. ಆದ್ದರಿಂದ ಒಪ್ಪಿಗೆ ಸುಲಭವಾಯಿತು. ಪರ 10, ವಿರೋಧ ಇಲ್ಲ, ತಟಸ್ಥ 1. ಅಧ್ಯಕ್ಷೆಯನ್ನು ಸೇರಿಸಿ 12. ಖರ್ಚಾಗಿದ್ದು ಸಭೆ ಒಪ್ಪದೇ ಹೋಗಿದ್ದರೆ ಆ ಹೊಣೆ ಖರ್ಚು ಮಾಡಿದವರ ಹೆಗಲಿಗೆ ಬೀಳುವ ಸಂಭವವಿತ್ತು.

ದೃಢೀಕರಣದ ನಂತರ ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಎರಡೂ ಪುಟಗಳಿಗೆ ಸಹಿ ಹಾಕಿದರು, ಕೊನೆಯ ಪುಟಕ್ಕೆ ಮಾತ್ರವಲ್ಲ. ಎರಡನೆಯ ಪುಟದಲ್ಲಿ ಬರಹ ಮುಗಿದ ಕೆಳಗೆ ಕೈಯಗಲ ಜಾಗ ಖಾಲಿ ಉಳಿದಿತ್ತು. ಮುಂದೆ ಯಾರೂ ಅಲ್ಲಿ ಒಂದು ಸಾಲನ್ನೂ ಸೇರಿಸಲಾಗದಂತೆ ಕಾರ್ಯದರ್ಶಿ ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆದು, ಪುಸ್ತಕವನ್ನು ಸಲಹೆಗಾರರ ಕಪಾಟಿಗೆ ಒಪ್ಪಿಸಿದರು.